ಚಡ್ಡಿಯಲ್ಲಿ ಕಲೆ ಕಂಡರೆ, ಬೈಯುವ ಮೊದಲು ಹೊಟ್ಟೆ ನೋಡಿ

ಟಾಯ್ಲೆಟ್ ಅಭ್ಯಾಸವಾಗಿ ವರ್ಷಗಳೇ ಕಳೆದ ಮಗು ಶಾಲೆಯಿಂದ ಬಂದಾಗ ಚಡ್ಡಿಯಲ್ಲಿ ಕಲೆ. ಮಾರನೇ ದಿನವೂ ಅದೇ. ಆಮೇಲೆ ದಿನಕ್ಕೆ ಎರಡು ಮೂರು ಸಲ. "ಇಷ್ಟು ದೊಡ್ಡವನಾಗಿದ್ದೀಯ, ನಾಚಿಕೆ ಆಗಲ್ವಾ?" ಎಂದು ಬೈಗುಳ ಶುರುವಾಗುತ್ತದೆ. ಇನ್ನು ಕೆಲವರು ಬೇಧಿ ಅಂದುಕೊಂಡು ಅದನ್ನು ನಿಲ್ಲಿಸುವ ಔಷಧಿ ಕೊಟ್ಟು ಬಿಡುತ್ತಾರೆ. ನನ್ನ ಹತ್ತಿರ ಬರುವ ಹೆಚ್ಚಿನ ಅಪ್ಪ ಅಮ್ಮಂದಿರು ಇವೆರಡನ್ನೂ ಮಾಡಿ ಮುಗಿಸಿಯೇ ಬಂದಿರುತ್ತಾರೆ. ನಾಲ್ಕು ವರ್ಷ ದಾಟಿದ ಮಗು ಹೀಗೆ ಚಡ್ಡಿ ಹೊಲಸು ಮಾಡಿಕೊಂಡರೆ ಬಹುತೇಕ ಸಲ ಕಾರಣ ಸೋಮಾರಿತನವೂ ಅಲ್ಲ, ಬೇಧಿಯೂ ಅಲ್ಲ. ಹೊಟ್ಟೆ ಕಟ್ಟಿರುತ್ತದೆ.

ಒಳಗೆ ಏನಾಗಿದೆ ಎಂದು ಮೊದಲು ತಿಳಿದುಕೊಳ್ಳಿ

ಯಾವತ್ತೋ ಒಂದು ದಿನ ಕಕ್ಕ ಗಟ್ಟಿಯಾಗಿ ಬಂದು ನೋವಾಗಿರುತ್ತದೆ. ಜ್ವರ ಬಂದು ಹೋದ ಮೇಲೆ ಇರಬಹುದು, ಶಾಲೆಯ ಟಾಯ್ಲೆಟ್ ಗಲೀಜಾಗಿದೆ ಎಂದು ಸಂಜೆವರೆಗೂ ತಡೆದದ್ದಕ್ಕೆ ಇರಬಹುದು. ಮಗು ಆ ನೋವು ಮರೆಯುವುದಿಲ್ಲ. ಮುಂದಿನ ಸಲ ಬಂದಾಗ ಕಾಲು ಹೆಣೆದುಕೊಂಡು, ತುದಿಗಾಲಲ್ಲಿ ನಿಂತು, ಸೋಫಾ ಹಿಂದೆ ಬಚ್ಚಿಟ್ಟುಕೊಂಡು, ಮುಖ ಕೆಂಪಗೆ ಮಾಡಿಕೊಂಡು ತಡೆಯುತ್ತದೆ. ನೋಡಿದವರಿಗೆ ಕಕ್ಕಕ್ಕೆ ತಿಣುಕುತ್ತಿದೆ ಅನ್ನಿಸುತ್ತದೆ. ಅದು ತಿಣುಕುವುದಲ್ಲ, ಹಿಡಿದುಕೊಳ್ಳುವುದು.

ತಡೆದಷ್ಟೂ ದೊಡ್ಡಕರುಳು ಅದರ ನೀರನ್ನು ಹೀರಿಕೊಂಡು ಇನ್ನೂ ಗಟ್ಟಿ ಮಾಡುತ್ತದೆ. ವಾರಗಟ್ಟಲೆ ಹೀಗೇ ಸೇರಿಕೊಂಡರೆ ಕರುಳಿನ ಕೊನೆಯ ಭಾಗ ಹಿಗ್ಗಿ, "ಬಂತು" ಎನ್ನುವ ಸೂಚನೆ ಕೊಡುವುದನ್ನೇ ಬಿಟ್ಟುಬಿಡುತ್ತದೆ. ಆಮೇಲೆ ಮೇಲಿನಿಂದ ಬರುವ ತೆಳು ಮಲ, ಮೋರಿಗೆ ಅಡ್ಡ ಸಿಕ್ಕ ಕಲ್ಲಿನ ಪಕ್ಕದಿಂದ ನೀರು ಜಾರುವಂತೆ, ಆ ಗಟ್ಟಿ ಗಡ್ಡೆಯ ಪಕ್ಕದಿಂದ ಇಳಿದು ಚಡ್ಡಿಗೆ ಬೀಳುತ್ತದೆ. ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ವಾಸನೆಗೂ ಮೂಗು ಒಗ್ಗಿಹೋಗಿರುತ್ತದೆ. "ಗೊತ್ತಾಗಲಿಲ್ಲ" ಎಂದು ಮಗು ಹೇಳಿದರೆ ನಂಬಿ, ಅದು ಸುಳ್ಳು ಹೇಳುತ್ತಿಲ್ಲ.

ಮನೆಯಲ್ಲೇ ಗುರುತು ಹಿಡಿಯಲು ಕೆಲವು ಸುಳಿವುಗಳಿವೆ. ಚಡ್ಡಿಯಲ್ಲಿ ಪೂರ್ತಿ ಕಕ್ಕ ಇರದೆ ಬಳಿದಂತಿರುವ ಕಲೆ. ನಾಲ್ಕೈದು ದಿನಕ್ಕೊಮ್ಮೆ ಕಮೋಡ್ ಕಟ್ಟಿಕೊಳ್ಳುವಷ್ಟು ದಪ್ಪದ ಕಕ್ಕ, ಅದು ಬಂದ ಮೇಲೆ ಎರಡು ದಿನ ಮಗು ಗೆಲುವಾಗಿ ಚೆನ್ನಾಗಿ ಊಟ ಮಾಡುವುದು. ಹೊಕ್ಕುಳ ಸುತ್ತ ನೋವು. ಹಾಸಿಗೆಯಲ್ಲಿ ಒಂದು ಮಾಡಿಕೊಳ್ಳುವುದೂ ಕೆಲವರಲ್ಲಿ ಜೊತೆಗಿರುತ್ತದೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದಲ್ಲ, ಅದಕ್ಕೆ. "ದಿನಾ ಹೋಗ್ತಾನೆ ಡಾಕ್ಟ್ರೇ" ಎನ್ನುವವರು ಎಷ್ಟು ಹೋಗುತ್ತಾನೆ ಎಂದೂ ನೋಡಬೇಕು. ದಿನಾ ಆಡಿನ ಹಿಕ್ಕೆಯಷ್ಟು ಬಂದರೆ ಹೊಟ್ಟೆ ಖಾಲಿಯಾಯಿತು ಎಂದಲ್ಲ.

ಬೈಗುಳ, ಏಟು ಇವತ್ತೇ ನಿಲ್ಲಿಸಿ

ಇದನ್ನು ಔಷಧಿಗಿಂತ ಮೊದಲು ಹೇಳಲು ಕಾರಣವಿದೆ. ಕಕ್ಕ ಹೊರಗೆ ಬರಬೇಕಾದರೆ ಗುದದ್ವಾರದ ಹೊರಗಿನ ಸ್ನಾಯು ಸಡಿಲವಾಗಬೇಕು. ಹೆದರಿದ ಮಗು ಅದನ್ನು ಬಿಗಿ ಹಿಡಿಯುತ್ತದೆ. ಅಂದರೆ ಏಟು ಕೊಟ್ಟು ಕೂರಿಸಿದರೆ ಯಾವ ಕೆಲಸ ಆಗಬೇಕಿತ್ತೋ ಅದೇ ನಿಂತುಹೋಗುತ್ತದೆ. "ಬರೆ ಹಾಕ್ತೀನಿ" ಎಂದು ಹೆದರಿಸಿದ ಮನೆಗಳಲ್ಲಿ ಮಕ್ಕಳು ಚಡ್ಡಿಯನ್ನು ಹಾಸಿಗೆ ಕೆಳಗೆ, ಬೀರು ಹಿಂದೆ ಬಚ್ಚಿಡುತ್ತವೆ. ಆಗ ಎಷ್ಟು ಸಲ ಆಯಿತು, ಔಷಧಿ ಕೆಲಸ ಮಾಡುತ್ತಿದೆಯಾ ಎಂದು ನಿಮಗೂ ಗೊತ್ತಾಗುವುದಿಲ್ಲ. ಅರಿವಿಲ್ಲದೆ ಆಗುವುದಕ್ಕೆ ಶಿಕ್ಷೆ ಕೊಟ್ಟರೆ ಮಗು ಕಲಿಯುವುದು ಬಚ್ಚಿಡುವುದನ್ನು ಮಾತ್ರ.

ಚಡ್ಡಿಯನ್ನು ಮಗುವೇ ಒಗೆಯಲಿ ಎನ್ನುವುದೂ ಶಿಕ್ಷೆಯೇ. ತಂಗಿಯ ಮುಂದೆ ಡೈಪರ್ ಹಾಕಿ ನಿಲ್ಲಿಸುವುದು, ನೆಂಟರ ಮುಂದೆ ಹೇಳಿ ನಗುವುದು ಇನ್ನೂ ಕೆಟ್ಟದ್ದು. ಕಲೆಯಾದರೆ "ಬಾ, ತೊಳೆದುಕೊಳ್ಳೋಣ" ಎನ್ನಿ, ಬಟ್ಟೆ ಬದಲಿಸಿ, ಮುಗಿಯಿತು.

ಕಟ್ಟಿದ್ದನ್ನು ಪೂರ್ತಿ ಖಾಲಿ ಮಾಡಿಸಿ

ಎಲ್ಲರೂ ಎಡವುವುದು ಇಲ್ಲೇ. ಗಡ್ಡೆ ಒಳಗೇ ಇರುವಾಗ ಪಪ್ಪಾಯ, ಇಸಬ್ಗೋಲ್, ಸೊಪ್ಪು ಎಂದು ನಾರು ತುಂಬಿಸುತ್ತಾರೆ. ಮುಚ್ಚಿದ ದಾರಿಯ ಮೇಲೆ ಇನ್ನಷ್ಟು ಹೇರಿದಂತಾಗಿ ಹೊಟ್ಟೆ ಉಬ್ಬರಿಸುತ್ತದೆ, ಅಷ್ಟೇ. ಮೊದಲು ಖಾಲಿ ಆಗಬೇಕು. ಆಮೇಲೆ ಊಟದ ಮಾತು.

ಇದಕ್ಕೆ ಮಕ್ಕಳ ಡಾಕ್ಟರು ಸಾಮಾನ್ಯವಾಗಿ ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಇದು ಕರುಳನ್ನು ಕೆರಳಿಸುವುದಿಲ್ಲ, ರಕ್ತಕ್ಕೂ ಹೆಚ್ಚುಕಮ್ಮಿ ಸೇರುವುದಿಲ್ಲ. ನೀರನ್ನು ಹಿಡಿದಿಟ್ಟುಕೊಂಡು ಗಟ್ಟಿಯಾದದ್ದನ್ನು ನೆನೆಸಿ ಇಳಿಸುತ್ತದೆ. ಖಾಲಿ ಮಾಡಿಸುವಾಗ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ, ಮೂರರಿಂದ ಆರು ದಿನ. 20 ಕೆಜಿ ತೂಕದ ಆರು ವರ್ಷದ ಹುಡುಗ ಎಂದುಕೊಳ್ಳಿ. ಅವನಿಗೆ ದಿನಕ್ಕೆ 20ರಿಂದ 30 ಗ್ರಾಂ. ಈ ಲೆಕ್ಕವನ್ನು ನೀವೇ ಹಾಕಿ ಅಂಗಡಿಯಿಂದ ತರಬೇಡಿ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಬೇರೆ ಕಾಯಿಲೆ ಇಲ್ಲ ಎಂದು ಖಚಿತ ಮಾಡಿಕೊಂಡು ಬರೆದುಕೊಡಬೇಕು. ಲೆಕ್ಕ ಇಲ್ಲಿ ಹೇಳಿದ್ದು ಬೇರೆ ಕಾರಣಕ್ಕೆ. "ಇಷ್ಟೊಂದಾ?" ಎಂದು ಹೆದರಿ ಅರ್ಧಕ್ಕರ್ಧ ಕಡಿಮೆ ಕೊಡುವವರೇ ಜಾಸ್ತಿ. ಕಡಿಮೆ ಕೊಟ್ಟರೆ ತೆಳು ಮಲ ಪಕ್ಕದಿಂದ ಇನ್ನಷ್ಟು ಸೋರುತ್ತದೆ, ಗಡ್ಡೆ ಅಲ್ಲೇ ಉಳಿಯುತ್ತದೆ.

ಶುರು ಮಾಡುವುದು ಶನಿವಾರ ಬೆಳಿಗ್ಗೆ, ಇಲ್ಲವೇ ದಸರಾ ರಜೆಯಲ್ಲಿ. ಶಾಲೆ ಇರುವ ದಿನ ಖಂಡಿತ ಬೇಡ. ಪ್ಯಾಕೆಟ್ ಮೇಲೆ ಹೇಳಿದಷ್ಟು ನೀರಿನಲ್ಲಿ ಪುಡಿಯನ್ನು ಪೂರ್ತಿ ಕರಗಿಸಿ. ಲವಣ ಸೇರಿಸದ ಪುಡಿ ಸಾಮಾನ್ಯವಾಗಿ ಒಂದು ದೊಡ್ಡ ಲೋಟಕ್ಕೆ, ಅಂದರೆ ಸುಮಾರು 240 ಮಿಲಿ ನೀರಿಗೆ 17 ಗ್ರಾಂ ಹಾಕುವಂಥದ್ದು. ಒಂದೇ ಸಲ ಕುಡಿಸಬೇಡಿ, ಬೆಳಿಗ್ಗೆಯಿಂದ ಸಂಜೆವರೆಗೆ ಹಂಚಿ ಕೊಡಿ. ನಿಂಬೆ ಪಾನಕಕ್ಕೆ ಹಾಕಿದರೆ ಮಕ್ಕಳು ತಕರಾರಿಲ್ಲದೆ ಕುಡಿಯುತ್ತಾರೆ. ಲವಣ ಸೇರಿಸಿದ ಪ್ಯಾಕೆಟ್‌ಗಳೂ ಸಿಗುತ್ತವೆ. ಅವು ಉಪ್ಪುಪ್ಪು, ಮಕ್ಕಳು ಉಗುಳುತ್ತಾರೆ. ಎರಡೂ ಕೆಲಸ ಮಾಡುತ್ತವೆ. ನಾನಂತೂ ಲವಣ ಇಲ್ಲದ್ದನ್ನೇ ಕೇಳಿ ತಗೊಳ್ಳಿ ಎನ್ನುತ್ತೇನೆ.

ಇನ್ನು ಮೊದಲ ಎರಡು ದಿನ. ಸೋರುವುದು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಹೊಟ್ಟೆ ಗುಡುಗುಡು ಎನ್ನುತ್ತದೆ, ನುಲಿಯುತ್ತದೆ. ಅಜ್ಜಿ "ಬೇಧಿ ಹತ್ತಿಸಿಬಿಟ್ರಿ ಮಗೂಗೆ" ಎನ್ನುತ್ತಾರೆ. ಹೆಚ್ಚಿನವರು ಔಷಧಿ ನಿಲ್ಲಿಸುವುದು ಈ ಹೊತ್ತಿಗೆ. ದಯವಿಟ್ಟು ನಿಲ್ಲಿಸಬೇಡಿ. ಎರಡನೇ ದಿನವೋ ಮೂರನೇ ದಿನವೋ ಗಟ್ಟಿ ಉಂಡೆಗಳು ಬೀಳುತ್ತವೆ. ಅದನ್ನು ಕಂಡು "ಆಯ್ತು, ಬಂತು" ಎಂದು ನಿಲ್ಲಿಸುವುದು ಎರಡನೇ ತಪ್ಪು. ಉಂಡೆ ಆದಮೇಲೆ ಚೂರು ಚೂರಿರುವ ಕಂದು ನೀರು ಬರುತ್ತದೆ. ಕೊನೆಗೆ ಚೂರಿಲ್ಲದ ತೆಳು ನೀರು. ಆಗ ಖಾಲಿಯಾಯಿತು ಎಂದು ಲೆಕ್ಕ. ಆರು ದಿನವಾದರೂ ಅಲ್ಲಿಗೆ ಬರದಿದ್ದರೆ ಡಾಕ್ಟರಿಗೆ ತಿಳಿಸಿ. ನಡುವೆ ವಾಂತಿ ಶುರುವಾದರೆ, ಹೊಟ್ಟೆ ಬಿಗಿದು ಮುಟ್ಟಗೊಡದಿದ್ದರೆ ಔಷಧಿ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಕುಂಡೆಗೆ ಪ್ರತಿ ಸಲ ತೊಳೆದ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಇಲ್ಲದಿದ್ದರೆ ಚರ್ಮ ಸುಲಿಯುತ್ತದೆ.

ಅಡ್ಡದಾರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದಿನಿಂದ ತೂರಿಸುವುದು, ಸೋಪಿನ ಚೂರು ಇಡುವುದು ನಮ್ಮಲ್ಲಿ ಹಳೇ ಪದ್ಧತಿ. ಅವತ್ತಿಗೆ ಸ್ವಲ್ಪ ಹೊರಬರಬಹುದು. ಆದರೆ ಸೋಪು ಒಳಚರ್ಮವನ್ನು ಉರಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆ ಜಾಗದ ಬಗ್ಗೆ ಮೊದಲೇ ಹೆದರಿದ ಮಗುವನ್ನು ಇಬ್ಬರು ಹಿಡಿದು ಮಲಗಿಸಿ ಹೀಗೆ ಮಾಡಿದರೆ ಮಾರನೇ ದಿನ ಅದು ಎರಡು ಪಟ್ಟು ಬಿಗಿ ಹಿಡಿಯುತ್ತದೆ. ಎನಿಮಾ ಕೂಡ ಇದೇ ಕಾರಣಕ್ಕೆ ಮೊದಲ ಆಯ್ಕೆ ಅಲ್ಲ. ಬಾಯಿಂದ ಕೊಡುವ ಔಷಧಿ ಆಗದಿದ್ದರೆ ಮಾತ್ರ, ಅದೂ ಆಸ್ಪತ್ರೆಯಲ್ಲಿ. ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸುವುದರಿಂದಲೂ ಹಿಗ್ಗಿದ ಕರುಳು ಸರಿಹೋಗುವುದಿಲ್ಲ.

ಔಷಧಿ ಮುಂದುವರಿಸಿ

ಖಾಲಿಯಾದ ಮಾರನೇ ದಿನದಿಂದ ಕಡಿಮೆ ಪ್ರಮಾಣ. ಕೆಜಿಗೆ 0.4 ಗ್ರಾಂ ಆಸುಪಾಸಿನಿಂದ ಶುರು, ಅಂದರೆ ನಮ್ಮ 20 ಕೆಜಿ ಹುಡುಗನಿಗೆ ದಿನಕ್ಕೆ ಸುಮಾರು 8 ಗ್ರಾಂ. ದಿನಕ್ಕೊಮ್ಮೆಯಾದರೂ ಮೆತ್ತಗೆ, ನೋವಿಲ್ಲದೆ ಬರಬೇಕು. ಗಟ್ಟಿಯಾದರೆ ಸ್ವಲ್ಪ ಹೆಚ್ಚಿಸಿ, ನೀರಾದರೆ ಸ್ವಲ್ಪ ಇಳಿಸಿ. ಎಷ್ಟರ ಮಟ್ಟಿಗೆ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕಿ: ಬಂತಾ, ಹೇಗಿತ್ತು, ಚಡ್ಡಿ ಕೊಳೆ ಆಯಿತಾ. ಪುಡಿಯ ಬದಲು ಲ್ಯಾಕ್ಟುಲೋಸ್ ಸಿರಪ್ ಕೊಡುವುದೂ ಉಂಟು. ಅದರಲ್ಲಿ ಗ್ಯಾಸ್ ಜಾಸ್ತಿ.

ಎಷ್ಟು ದಿನ? ಕಡಿಮೆಯೆಂದರೆ ಎರಡು ತಿಂಗಳು. ತಿಂಗಳುಗಟ್ಟಲೆ ಸೋರಿದ ಮಕ್ಕಳಿಗೆ ಆರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬಂದು, ಸೂಚನೆ ಕೊಡಲು ಅಷ್ಟು ಕಾಲ ಬೇಕು. "ಅಭ್ಯಾಸ ಆಗಿಬಿಡಲ್ವಾ?" ಎಂದು ಕೇಳದವರಿಲ್ಲ. ಈ ಪುಡಿಗೆ ಕರುಳು ದಾಸನಾಗುವುದಿಲ್ಲ. ಮರುಕಳಿಸುವುದು ಬೇಗ ಬಿಟ್ಟವರಲ್ಲೇ ಜಾಸ್ತಿ.

ಕೂರಿಸುವುದು

ಊಟದ ನಂತರ ಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತಿಗೆ ಐದರಿಂದ ಹತ್ತು ನಿಮಿಷ ಕೂರಿಸಿ. ಏಳೂವರೆಗೆ ಶಾಲಾ ಬಸ್ ಬರುವ ಮನೆಯಲ್ಲಿ ಬೆಳಿಗ್ಗೆ ಇದು ಆಗುವ ಮಾತಲ್ಲ, ಸುಮ್ನೆ ಜಗಳ. ರಾತ್ರಿ ಊಟ ಆದಮೇಲೆ ಕೂರಿಸಿ. ಕಮೋಡ್ ಆದರೆ ಕಾಲು ನೇತಾಡಬಾರದು. ಪಾದದ ಕೆಳಗೆ ಮಣೆ ಇಟ್ಟು ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಮಾಡಿ. ಇಂಡಿಯನ್ ಟಾಯ್ಲೆಟ್ ಇದ್ದರೆ ಈ ತಲೆನೋವಿಲ್ಲ. ಮೊಬೈಲ್ ಬೇಡ, ಬಲೂನ್ ಊದಲು ಕೊಡಿ. ಊದುವಾಗ ಹೊಟ್ಟೆ ಸರಿಯಾಗಿ ಒತ್ತುತ್ತದೆ. ಕೂತಿದ್ದಕ್ಕೆ ಶಭಾಷ್ ಹೇಳಿ, ಕಕ್ಕ ಬಂದಿದ್ದಕ್ಕಲ್ಲ. ಬರದ ದಿನ ಅದು ಮಗುವಿನ ತಪ್ಪಾಗಬಾರದು.

ಶಾಲೆ: ಕ್ಲಾಸ್ ಟೀಚರಿಗೆ ಒಂದು ಚೀಟಿ, ಬ್ಯಾಗಿನಲ್ಲಿ ಇನ್ನೊಂದು ಚಡ್ಡಿ, ಕೇಳಿದಾಗ ಹೊರಗೆ ಬಿಡಲಿ. ಊಟ: ಮನೆಯದೇ ಸಾಕು, ಸೊಪ್ಪು ತರಕಾರಿ ಇರಲಿ, ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರಲಿ.

ಇವು ಕಂಡರೆ ಮನೆಮದ್ದು ಬೇಡ

ಹುಟ್ಟಿದಾಗ ಮೊದಲ ಕಪ್ಪು ಮಲ 48 ಗಂಟೆಯೊಳಗೆ ಬಂದಿರಲಿಲ್ಲವೇ? ಮೊದಲ ತಿಂಗಳಿಂದಲೂ ಹೊಟ್ಟೆ ಕಟ್ಟುತ್ತಿತ್ತೇ? ತೂಕ ಏರುತ್ತಿಲ್ಲವೇ, ಹಸಿರು ವಾಂತಿ ಆಗುತ್ತಿದೆಯೇ, ಕಾಲಿನಲ್ಲಿ ಶಕ್ತಿ ಇಲ್ಲವೇ, ಬೆನ್ನಿನ ತಳದಲ್ಲಿ ಕೂದಲ ಗೊಂಚಲು ಇದೆಯೇ? ಒಂದಿದ್ದರೂ ಬೇರೆ ಪರೀಕ್ಷೆ ಬೇಕು. ಹೊಟ್ಟೆ ಕಟ್ಟದೆಯೂ ಚಡ್ಡಿ ಕೊಳೆಯಾಗುವ ಮಕ್ಕಳು ಕೆಲವರಿದ್ದಾರೆ. ಅವರಿಗೆ ಈ ಪುಡಿ ಕೆಲಸ ಮಾಡುವುದಿಲ್ಲ.

ನಿಲ್ಲಿಸುವಾಗ

ಒಂದು ತಿಂಗಳು ಪೂರ್ತಿ ಕಲೆ ಇಲ್ಲದೆ, ನೋವಿಲ್ಲದೆ ಕಳೆದ ಮೇಲೆ ಡಾಕ್ಟರನ್ನು ಕೇಳಿ, ಕೆಲವು ವಾರಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ. ಒಮ್ಮೆಲೇ ಬಿಡಬೇಡಿ. ಇಳಿಸುವಾಗ ಕಲೆ ಮತ್ತೆ ಕಂಡರೆ, ಅಥವಾ ಮಗು ತುದಿಗಾಲಲ್ಲಿ ನಿಲ್ಲಲು ಶುರುಮಾಡಿದರೆ, ಹಿಂದಿನ ಪ್ರಮಾಣಕ್ಕೆ ಅವತ್ತೇ ವಾಪಸ್ ಹೋಗಿ. ಮೂರು ದಿನ ಕಾಯ್ದು ನೋಡೋಣ ಎಂದರೆ ಮತ್ತೆ ಗಡ್ಡೆ ಕಟ್ಟಿ, ಖಾಲಿ ಮಾಡಿಸುವ ಹಂತದಿಂದಲೇ ಶುರು ಮಾಡಬೇಕಾಗುತ್ತದೆ.