ಪುಸ್ತಕದ ಕತಿನ ಅಜ್ಜಿ ಬಾಯಿಗೆ ತರೋದು ಹೆಂಗ?

ಮಕ್ಕಳ ಕತಿ ಪುಸ್ತಕ ತಂದು ರಾತ್ರಿ ಮಲಗೋ ಹೊತ್ತಿಗೆ ಓದಿ ಹೇಳೋರು ಈಗ ನಮ್ಮ ಕಡೆನೂ ಭಾಳ ಮಂದಿ ಅದಾರ, ಇನ್ನ ಕೆಲವರು ಮೊಬೈಲ್‌ನ್ಯಾಗ ರೆಕಾರ್ಡ್ ಮಾಡಿ ಬೆಂಗಳೂರಾಗ ಇರೋ ಮೊಮ್ಮಕ್ಕಳಿಗೆ ವಾಟ್ಸಾಪ್ ಮಾಡ್ತಾರ, ಆದ್ರ ಎರಡು ನಿಮಿಷ ಆಗೋದ್ರಾಗ ಕೂಸು ಆ ಕಡೆ ಹೊಳ್ಳಿ ಬಿಡ್ತೈತಿ. ಕತಿ ಚಲೋನ ಇರ್ತೈತಿ. ಬರದೋರು ಅದನ್ನ ಕಣ್ಣಿಲೆ ಓದಾಕಂತ ಬರದಿರ್ತಾರ, ಅಷ್ಟ. ಅದನ್ನ ಕಿವಿಗೆ ಬರೋಹಂಗ ತಿರುಗಿ ಬರಿಯೋದು ಹೆಂಗ ಅಂತ ಒಂದು ಸಣ್ಣ ಕತಿ ಇಟ್ಕೊಂಡು ನೋಡೋಣ. ಈ ಕತಿ ನಾನ ಬರದಿದ್ದು, ಪುಸ್ತಕದ ಭಾಷೆ ಹೆಂಗಿರ್ತೈತೋ ಹಂಗ ಬರದೀನಿ.

"ದಟ್ಟವಾದ ಅರಣ್ಯದ ಸಮೀಪದ ಗ್ರಾಮವೊಂದರಲ್ಲಿ ವಾಸಿಸುತ್ತಿದ್ದ ಬಡ ವೃದ್ಧೆಯೊಬ್ಬಳು ಪ್ರತಿದಿನ ಸಂತೆಗೆ ಹೋಗಿ ಬೆಲ್ಲವನ್ನು ಮಾರಾಟ ಮಾಡುತ್ತಿದ್ದಳು. ಒಂದು ದಿನ ಮರಳಿ ಬರುವಾಗ ಹಸಿದಿದ್ದ ಕರಡಿಯೊಂದು ಅವಳನ್ನು ತಡೆದು ತಿಂದುಬಿಡುವುದಾಗಿ ಹೆದರಿಸಿತು. ಜಾಣೆಯಾದ ವೃದ್ಧೆಯು ಉಳಿದಿದ್ದ ಬೆಲ್ಲವನ್ನು ಬಂಡೆಯ ಮೇಲೆ ಸವರಿದಳು. ಕರಡಿಯು ಅದನ್ನು ನೆಕ್ಕುವುದರಲ್ಲಿ ಮಗ್ನವಾಗಿದ್ದಾಗ ಅವಳು ಅಲ್ಲಿಂದ ಪಾರಾದಳು."

ಮೊದಲ ಇದನ್ನ ಒಮ್ಮೆ ದೊಡ್ಡ ದನಿಲೆ ಓದ್ರಿ, ಪೆನ್ಸಿಲ್ ಕೈಯಾಗ ಹಿಡ್ಕೊಂಡು. ಎಲ್ಲಿ ಉಸುರು ಸಾಲಂಗಿಲ್ಲ ಅಲ್ಲಿ ಒಂದು ಗೆರಿ ಎಳೀರಿ. ಮೊದಲ್ನೇ ವಾಕ್ಯದಾಗನ ಸಿಗ್ತೈತಿ ನೋಡ್ರಿ: ಅರಣ್ಯ, ಅದರ ಸಮೀಪ, ಗ್ರಾಮ, ಅದರಾಗ ವಾಸ, ಅದೂ ಬಡತನ, ಇಷ್ಟೆಲ್ಲಾ ಹೊತ್ಕೊಂಡು ಹೋದ ಮ್ಯಾಲ ಕಡೀಗೆ ಬರ್ತಾಳ ಮುದುಕಿ. ಓದೋರು ಹಿಂದಕ್ಕ ಕಣ್ಣು ಹಾಯಿಸಿ ಮತ್ತ ನೋಡಬಹುದು, ಕತ್ತಲಾಗ ಮಕ್ಕೊಂಡ ಕೂಸಿಗೆ ಅದು ಆಗಂಗಿಲ್ಲ, ಯಾರ ಬಗ್ಗೆ ಹೇಳಾಕತ್ತಾರ ಅಂತ ಗೊತ್ತಿಲ್ದ ಅಷ್ಟೂ ಮಾತು ತಲ್ಯಾಗ ಹಿಡ್ಕೊಂಡು ಕುಂಡ್ರಬೇಕು. ಅಜ್ಜಿಗಳು ಹಂಗ ಹೇಳಂಗೇ ಇಲ್ಲ. ಮೊದಲ ಮನಷಾನ್ನ ತಂದು ನಿಲ್ಲಿಸ್ತಾರ, "ಒಬ್ಬಾಕಿ ಅಜ್ಜಿ ಇದ್ದಳಂತ", ಆಮ್ಯಾಲ ಆಕಿಗೆ ಒಂದೊಂದ ಹಚ್ಕೋತ ಹೋಗ್ತಾರ. ಅದಕ್ಕ ವಾಸಿಸುತ್ತಿದ್ದ, ಹಸಿದಿದ್ದ, ಉಳಿದಿದ್ದ ಅಂತ ಎಲ್ಲೆಲ್ಲಿ ಬಂದಾವೋ ಅವನ್ನೆಲ್ಲಾ ಒಡದು, ಒಂದೊಂದನ್ನ ಒಂದೊಂದು ಸಣ್ಣ ವಾಕ್ಯ ಮಾಡ್ರಿ. ಅರ್ಧ ಕೆಲಸ ಇಲ್ಲೇ ಮುಗೀತೈತಿ.

ಹಂಗ ಒಡದ್ರ ಇನ್ನೊಂದು ತೊಂದ್ರಿ ಬರ್ತೈತಿ, ವಾಕ್ಯಗಳು ಬಿಡಿ ಬಿಡಿ ಬೀಳ್ತಾವು. ಅಜ್ಜಿಗಳು ಅವನ್ನ ಕೂಡಸೋದು ಹೆಂಗಂದ್ರ, ಹಿಂದಿನ ವಾಕ್ಯದ ಕಡೀ ಕ್ರಿಯೆನ ಮುಂದಿನ ವಾಕ್ಯದ ಮೊದಲಿಗೆ ಎತ್ಕೋತಾರ. ಗುಡ್ಡದ ಸಂದಿಗೆ ಬಂದ್ಳು, ಬಂದು ನೋಡ್ತಾಳ, ನೋಡಿದ್ರ ಕರ್ರಗ ಏನೋ ಕುಂತೈತಿ. ಇದರಿಂದ ಎರಡು ಲಾಭ ಐತಿ, ನಡುವ ಒಂದು ಮಾತು ತಪ್ಪಿಸ್ಕೊಂಡ ಕೂಸಿಗೆ ಅದು ಮತ್ತೊಮ್ಮೆ ಸಿಗ್ತೈತಿ, ಹೇಳೋರಿಗೆ ಮುಂದಿನ ಮಾತು ನೆನಪು ಮಾಡ್ಕೊಳ್ಳಾಕ ಟೈಮ್ ಸಿಗ್ತೈತಿ. ದಾರಿ ದೂರ ಇದ್ರ "ನಡೀತಾಳ, ನಡೀತಾಳ, ನಡದೇ ನಡೀತಾಳ" ಅಂತ ಹೇಳೋ ಮಾತಿನ್ಯಾಗನ ದೂರ ತೋರಿಸ್ತಾರ. ಆದ್ರ ಪ್ರತಿ ವಾಕ್ಯಕ್ಕೂ ಹಿಂಗ ಮಾಡಬ್ಯಾಡ್ರಿ, ಜಾಗ ಬದಲಾಗೋ ಕಡೆ, ಹೊಸಾದು ಏನರ ಕಾಣೋ ಕಡೆ ಮಾಡಿದ್ರ ಸಾಕು.

ಇನ್ನ "ಅಂತ". ಇದ್ದಳಂತ, ಹೋದಳಂತ, ಬಂತಂತ ಅಂತ ಕಡೀಗೆ ಹಚ್ಚಿದ್ರ ಅಜ್ಜಿ ಕತಿ ಆಗಿ ಬಿಡ್ತೈತಿ ಅಂತ ತಿಳ್ಕೊಂಡು ಎಲ್ಲಾ ವಾಕ್ಯಕ್ಕೂ ಹಚ್ಚೋರು ಭಾಳ, ಹೊಸಬರು ಬರದಿದ್ರಾಗ ಮೊದಲ ಎದ್ದು ಕಾಣೋ ತಪ್ಪು ಅದ. ಕೇಳಿ ನೋಡ್ರಿ, ಚಲೋ ಕತಿ ಹೇಳೋ ಅಜ್ಜಿ ಮೊದಲಿನ ಒಂದೆರಡು ವಾಕ್ಯಕ್ಕ ಅಂತ ಹಚ್ತಾಳ, ಇದು ಯಾವಾಗೋ ಎಲ್ಲೋ ನಡದಿದ್ದು ಅಂತ ತಿಳಿಸಾಕ. ಕರಡಿ ಬಂತಂದ ಕೂಡಲೇ ಅಂತ ಬಿಟ್ಟು ಬಿಡ್ತಾಳ, ಕ್ರಿಯೆನೂ ಈಗ ನಡಿಯೋಹಂಗ ತಿರುಗ್ತೈತಿ, ನೋಡ್ತಾಳ, ಕೇಳ್ತೈತಿ, ಓಡ್ತಾಳ. ಕೂಸು ಹೆದರಿ ಸೀರಿ ಸೆರಗು ಗಟ್ಟಿ ಹಿಡೀತು ಅನ್ರಿ, ಆವಾಗ ಅಂತ ಮತ್ತ ಬರ್ತೈತಿ, "ಹಂಗಂತಂತ ಆ ಕರಡಿ", ಅಷ್ಟು ಅನ್ನೋದ್ರಾಗ ಕರಡಿ ಮಂಚದ ಹಂತ್ಯಾಕಿಂದ ದೂರ ಹೋಗಿ ಬಿಡ್ತೈತಿ. ಮಲಗೋ ಹೊತ್ತಿನ ಕತಿಗೆ ಇದು ಭಾಳ ಮುಖ್ಯ, ಹೆದರಿಕಿ ಏರಸೋದು ಇಳಸೋದು ಎರಡೂ ಇದರ ಕೈಯಾಗ ಐತಿ.

ಆಮ್ಯಾಲ ಮಾತು. "ತಿಂದುಬಿಡುವುದಾಗಿ ಹೆದರಿಸಿತು" ಅಂದ್ರ ಕರಡಿಗೆ ಬಾಯೇ ಇಲ್ಲದಂಗಾತು. ಅದಕ್ಕ ಒಂದು ಮಾತು ಕೊಡ್ರಿ, ಅಜ್ಜಿಗೆ ಒಂದು ಉತ್ತರ ಕೊಡ್ರಿ, ಅದ ಮಾತು ಅದ ಉತ್ತರ ಮೂರು ಸಲ ಬರಲಿ. ಎರಡ್ನೇ ಸಲಕ್ಕ ಕೂಸು ಗುರುತು ಹಿಡೀತೈತಿ, ಮೂರ್ನೇ ಸಲಕ್ಕ ತಾನ ಹೇಳ್ತೈತಿ. ಪುಸ್ತಕದಾಗ ಒಂದ ಸಲ ಆಗಿದ್ದನ್ನ ನಾವು ಮೂರು ಮಾಡಾಕತ್ತೀವಿ, ಕತಿ ಬದಲಾಗಂಗಿಲ್ಲ, ಅದು ನಡಿಯೋ ದಾರಿ ಅಷ್ಟ ಉದ್ದ ಆಗ್ತೈತಿ. ಮಾತು ಹಂಗ ಇದ್ರೂ ಸುತ್ತಲಿಂದು ಬದಲಾಗಬೇಕು ಮತ್ತ, ಒಮ್ಮೆ ಸಣ್ಣ ಉಂಡಿ, ಆಮ್ಯಾಲ ದೊಡ್ಡ ಉಂಡಿ, ಕಡೀಗೆ ಬುಟ್ಟಿಗೆ ಮೆತ್ತಿದ್ದು.

ಶಬ್ದ ಆರಿಸೋ ಮುಂದ ಮನಿ ಹಿರೇರನ್ನ ಕೇಳ್ರಿ. ಕೊಪ್ಪಳ ಕಡೆ "ಐತಿ" ಅಂದ್ರ ರಾಯಚೂರು ಕಡೆ "ಅದ" ಅನ್ನೋರು ಜಾಸ್ತಿ, ಬಳ್ಳಾರಿ ಕಡೆ "ಐತೆ" ಕೇಳ್ತೀರಿ, ಯಾವುದಾದ್ರೂ ನಡೀತೈತಿ, ಆದ್ರ ಒಂದ ಕತ್ಯಾಗ ಒಂದ ಅಜ್ಜಿ ಇರಬೇಕು, ಟಿವಿ ಕಾಮಿಡಿ ಶೋದಾಗ ಕೇಳಿದ್ದು ತಂದು ನಡುವ ಸೇರಿಸಿದ್ರ ಗೊತ್ತಾಗಿ ಬಿಡ್ತೈತಿ. ನಮ್ಮ ಕತ್ಯಾಗ "ಬಂಡೆ"ನ ಆಡೋ ಮಾತಿಗೆ ತಂದ್ರ ಬಂಡಿ ಆಗ್ತೈತಿ, ಕೂಸಿಗೆ ಎತ್ತಿನ ಬಂಡಿ ಕಾಣ್ತೈತಿ, ಅದಕ್ಕ ಹಾಸಗಲ್ಲು ಅನ್ರಿ. "ಪ್ರತಿದಿನ ಸಂತೆ" ಅಂತ ಐತಲ್ಲ, ಅದನ್ನ ಯಾವ ಅಜ್ಜಿನೂ ಒಪ್ಪಂಗಿಲ್ಲ, ಸಂತಿ ವಾರಕ್ಕೊಮ್ಮೆ. ಕಲ್ಲಿಗೆ ಬೆಲ್ಲ ಸವರೋದು ಮಾತ್ರ ನಮ್ಮ ಕಡೆ ಮಕ್ಕಳಿಗೆ ಹೊಸಾದಲ್ಲ, ದರೋಜಿ ಕರಡಿಧಾಮದಾಗ ಸಂಜಿ ಮುಂದ ಕರಡಿ ಬರಲಿ ಅಂತ ಕಲ್ಲಿಗೆ ಬೆಲ್ಲ ಹಚ್ಚಿಡ್ತಾರ, ನೋಡಿ ಬಂದ ಮಕ್ಕಳು ಅದಾರ. ಕರಡಿ ಎದಿ ಮ್ಯಾಲ ಬೆಳ್ಳನ ಗೆರಿ ಇರ್ತೈತಿ, ಹೀರಿ ತಿನ್ನೋ ಮುಂದ ಸೊರ್ ಸೊರ್ ಅಂತ ದೊಡ್ಡ ಸಪ್ಪಳ ಮಾಡ್ತೈತಿ. ಇಂಥಾವು ಎರಡು ಹಾಕಿದ್ರ "ದಟ್ಟವಾದ ಅರಣ್ಯ" ಬೇಕಾಗೇ ಇಲ್ಲ.

ಈಗ ಎಲ್ಲಾ ಕೂಡಿಸಿ ಬರದಿದ್ದು ಓದ್ರಿ. ಸಾಲು ಮುರಿದ ಕಡೆ ನಿಲ್ಲಬೇಕು, ಅಲ್ಲಿ ಕೂಸು ಹೂಂ ಅಂತೈತಿ.

ಒಂದೂರಾಗ ಒಬ್ಬಾಕಿ ಅಜ್ಜಿ ಇದ್ದಳಂತ.

ಆ ಅಜ್ಜಿಗೆ ಹಿಂದಿಲ್ಲ ಮುಂದಿಲ್ಲ, ಒಂದು ಗುಡಿಸಲಾ, ಒಂದು ಬುಟ್ಟಿ. ಬುಟ್ಟ್ಯಾಗ ಏನಿತ್ತು ಹೇಳು?

ಬೆಲ್ಲ! ವಾರಕ್ಕೊಮ್ಮೆ ಬುಟ್ಟಿ ಹೊತ್ಕೊಂಡು ಸಂತಿಗೆ ಹೋಗಾಕಿ, ಮಾರಾಕಿ, ಬರಾಕಿ. ಹಿಂಗ ಒಂದಿನ ಸಂತಿ ಮುಗಿಸ್ಕೊಂಡು ಹೊಂಟಾಳ. ನಡೀತಾಳ, ನಡೀತಾಳ, ನಡದೇ ನಡೀತಾಳ, ಗುಡ್ಡದ ಸಂದಿಗೆ ಬಂದ್ಳು.

ಬಂದು ನೋಡ್ತಾಳ, ದಾರಿಗೆ ಅಡ್ಡ ಕರ್ರಗ ಏನೋ ಕುಂತೈತಿ. ಎದಿ ಮ್ಯಾಲ ಒಂದು ಬೆಳ್ಳನ ಗೆರಿ. ಯಾರದು?

ಹೂಂ, ಕರಡಿ! "ಏ ಮುದುಕಿ, ಹೊಟ್ಟಿ ಹಸದೈತಿ, ನಿನ್ನ ತಿಂತೀನಿ." ಅಜ್ಜಿ ಏನಂದ್ಳು? "ತಿನ್ನುವಂತಿ ತಡಿಯಪ್ಪಾ, ಮೊದ್ಲ ಬಾಯಿ ಸೀ ಮಾಡ್ಕೋ." ಅಂದು ಒಂದು ಸಣ್ಣ ಉಂಡಿ ಬೆಲ್ಲ ತಗದು ಹಾಸಗಲ್ಲಿಗೆ ತಿಕ್ಕಿದ್ಳು.

ತಿಕ್ಕಿದ್ರ ಕರಡಿ ಸೊರ್ ಸೊರ್ ನೆಕ್ಕಾಕತ್ತು. ಅದು ನೆಕ್ಕೋದ್ರಾಗ ಅಜ್ಜಿ ಬರಾಬರಾ ಜಾಲಿ ಗಿಡದ ತನಕ ಬಂದ್ಳು.

ಬಂದು ಹಿಂದ ನೋಡ್ತಾಳ, ಕರಡಿ ಬಂದ ಬಿಟ್ಟೈತಿ! "ಏ ಮುದುಕಿ, ಹೊಟ್ಟಿ ಹಸದೈತಿ, ನಿನ್ನ ತಿಂತೀನಿ." "ತಿನ್ನುವಂತಿ ತಡಿಯಪ್ಪಾ, ಮೊದ್ಲ ಬಾಯಿ ಸೀ ಮಾಡ್ಕೋ." ಈ ಸಲ ದೊಡ್ಡ ಉಂಡಿ.

ಅದು ನೆಕ್ಕೋದ್ರಾಗ ಅಜ್ಜಿ ಕಾಲುವಿ ದಾಟಿದ್ಳು. ದಾಟಿ ನೋಡ್ತಾಳ, ಮತ್ತ ಬಂತು! ಏನಂತೈತಿ ಕರಡಿ?

ಅಜ್ಜಿ ಏನಂತಾಳ?

ಬುಟ್ಟ್ಯಾಗ ಉಂಡಿ ಇಲ್ಲ, ತಳಕ್ಕ ಮೆತ್ತಿದ್ದು ಅಷ್ಟ ಐತಿ. ಬುಟ್ಟೀನ ಬೋರಲ ಹಾಕಿ ಇಟ್ಟು ಬಂದ್ಳು. ಕರಡಿ ಬುಟ್ಟಿ ತಬ್ಕೊಂಡು ಕುಂತು ನೆಕ್ಕಾಕತ್ತಂತ. ನೆಕ್ಕಿ ನೆಕ್ಕಿ ಹೊಟ್ಟಿ ತುಂಬಿ ಅಲ್ಲೇ ಮಲಕ್ಕೊಂತಂತ.

ಅಜ್ಜಿ ಮನಿಗೆ ಬಂದ್ಳಂತ. ಬಾಗಲಾ ಹಾಕಿದ್ಳಂತ. ತಾನೂ ಮಲಕ್ಕೊಂಡ್ಳಂತ.

ಕಡೀಗೆ ಅಂತ ವಾಪಸ್ ಬಂದಿದ್ದು ನೋಡಿದ್ರಲ್ಲ, ವಾಕ್ಯನೂ ಸಣ್ಣ ಆಗ್ಯಾವು, ಸಪ್ಪಳದ ಶಬ್ದ ಒಂದೂ ಇಲ್ಲ. ಸೊರ್ ಸೊರ್, ಬರಾಬರಾ ಅಂಥಾವು ನಡುವಿನ ಭಾಗಕ್ಕ ಇರಲಿ, ಕಡೀ ಭಾಗದಾಗ ಹಾಕಿದ್ರ ತೂಕಡಸೋ ಕೂಸು ಎಚ್ಚರ ಆಗ್ತೈತಿ. "ಆದ್ದರಿಂದ ಮಕ್ಕಳೇ, ಬುದ್ಧಿವಂತಿಕೆಯಿಂದ" ಅಂತ ನೀತಿ ಹಚ್ಚಬ್ಯಾಡ್ರಿ, ಅದು ಬಂತಂದ್ರ ಅಜ್ಜಿ ಎದ್ದು ಮಾಸ್ತರ್ ಬಂದು ಕುಂತಂಗ ಆಗ್ತೈತಿ. ಕತಿ ಮೊದಲಿಗಿಂತ ಮೂರ್ನಾಕು ಪಟ್ಟು ಉದ್ದ ಆಗೈತಿ, ಅದು ಸರಿನ ಐತಿ, ಅದಕ್ಕ ಪುಸ್ತಕದಾಗಿಂದು ಆರಿಸೋ ಮುಂದ ಸಣ್ಣ ಕತಿ ಆರಿಸ್ರಿ.

ನಿಮ್ಮನ್ಯಾಗ ಕತಿ ಹೇಳೋ ಅಜ್ಜಿ ಇನ್ನೂ ಇದ್ರ ಒಂದು ಕೆಲಸ ಮಾಡ್ರಿ. ಕತಿನ ಆಕಿಗೆ ಒಮ್ಮೆ ಹೇಳ್ರಿ, ಕಾಗದ ಕೈಗೆ ಕೊಡಬ್ಯಾಡ್ರಿ, ಕಾಗದ ಕೊಟ್ರ ಎಂಥಾ ಅಜ್ಜಿನೂ ಓದೋ ದನಿಗೆ ಬರ್ತಾಳ. ಮರುದಿನ ಕೂಸಿನ್ನ ಮುಂದ ಕುಂಡ್ರಿಸಿ ಹೇಳಾಕ ಹಚ್ರಿ, ಬರೇ ಮೊಬೈಲ್ ಮುಂದ ಅಲ್ಲ, ಯಾಕಂದ್ರ ಕೇಳೋರು ಇದ್ರ ಮಾತ್ರ ಆ ಪ್ರಶ್ನೆ, ಆ ನಿಲ್ಲೋದು ಬರ್ತಾವು. ರೆಕಾರ್ಡ್ ಮಾಡ್ಕೊಂಡು ಕೇಳಿ, ಆಕಿ ಎಲ್ಲಿ ಬಿಟ್ಟಾಳ, ಎಲ್ಲಿ ಹಿಗ್ಗಿಸ್ಯಾಳ ಅಂತ ನಿಮ್ಮ ಬರದಿದ್ದರ ಜೋಡಿ ಹಚ್ಚಿ ನೋಡ್ರಿ. ಆಕಿ ಮರತು ಬಿಟ್ಟಿದ್ದು ಕತಿಗೆ ಬೇಕಿಲ್ಲದ್ದ ಇರ್ತೈತಿ ಹೆಚ್ಚಾಗಿ.

ಬರದಿದ್ದು ಸರಿ ಆಗೈತೋ ಇಲ್ಲೋ ಅಂತ ನೋಡಾಕ ನೀವ ಓದಬ್ಯಾಡ್ರಿ, ನಿಮಗ ರಾಗ ಗೊತ್ತಿರ್ತೈತಿ, ತಪ್ಪು ಮುಚ್ಚಿ ಹೋಗ್ತೈತಿ. ಬಾಜೂ ಮನಿಯವರ ಕೈಯಾಗ ಓದಿಸ್ರಿ. ಅವರು ತಡವರಿಸಿದ ಕಡೆ ಅಕ್ಷರ ತೊಡಕಾಗಿರ್ತೈತಿ, "ಬರಾಕ್ಹತ್ತ್ಯಾಳ" ಅಂತ ಬಾಯಾಗ ಬಂದಿದ್ದೆಲ್ಲಾ ಬರದ್ರ ಓದೋರಿಗೆ ಆಗಂಗಿಲ್ಲ, "ಬರಾಕತ್ತಾಳ" ಸಾಕು. ಕೂಸು ಹೂಂ ಅನ್ನೋದು ನಿಂತಿದ್ದು ಎಲ್ಲಿ ಅಂತ ಗುರುತು ಹಾಕ್ಕೊಳ್ರಿ, ಹೊಳ್ಳಿ ಹೋಗಿ ನೋಡಿದ್ರ ಅದರ ಹಿಂದಿನ ವಾಕ್ಯ ಒಡಿಯೋದು ಉಳದಿರ್ತೈತಿ, ಇಲ್ಲಾ ಯಾರು ಮಾತಾಡಿದ್ದು ಅಂತ ಗೊತ್ತಾಗದಂಗ ಆಗಿರ್ತೈತಿ. ದೂರದ ಮಕ್ಕಳಿಗೆ ಆಡಿಯೋ ಕಳಸೋರು ಇದ್ರ ಫ್ಯಾನ್ ಬಂದ್ ಮಾಡಿ ಹೇಳ್ರಿ, ಪ್ರಶ್ನೆ ಕೇಳಿದ ಮ್ಯಾಲ ಎರಡು ಸೆಕೆಂಡ್ ಸುಮ್ಮನ ಬಿಡ್ರಿ, ಅಲ್ಲಿ ಕುಂತ ಕೂಸು ಉತ್ತರ ಹೇಳಾಕ ಅಷ್ಟು ಟೈಮ್ ಬೇಕಾಗ್ತೈತಿ.