ರೈಲಿನಲ್ಲಿ ಎದುರು ಕೂತವರ ಜೊತೆ ಮಾತು: ಶುರು ಮಾಡುವುದು ಹೇಗೆ, ನಿಲ್ಲಿಸುವುದು ಯಾವಾಗ

ದೂರದ ರೈಲು ಪ್ರಯಾಣದಲ್ಲಿ ನಮಸ್ಕಾರ ಹೇಳುವುದಕ್ಕೂ ಒಂದು ಹೊತ್ತಿದೆ. ಲಗೇಜನ್ನು ಸೀಟಿನಡಿ ತಳ್ಳುತ್ತಲೋ ಸೀಟ್ ನಂಬರ್ ಹುಡುಕುತ್ತಲೋ ಇರುವವರ ಕಿವಿಗೆ ಅದು ಬೀಳುವುದಿಲ್ಲ. ಅವರು ಕೂತು, ಉಸಿರು ಬಿಟ್ಟು, ತಲೆಯೆತ್ತಿ ನೋಡುವವರೆಗೆ ಕಾಯಿರಿ. ಆಗ ಸಣ್ಣಗೆ ನಕ್ಕು ‘ನಮಸ್ಕಾರ’ ಅಂದು ಅಲ್ಲಿಗೇ ಬಿಡಿ. ಮಾತು ಬೇಡದವರಿಗೂ ಇಷ್ಟು ಭಾರವಾಗುವುದಿಲ್ಲ.

ಮೊದಲ ಮಾತು ಇಬ್ಬರ ಕಣ್ಣೆದುರೇ ಇರುವುದರ ಬಗ್ಗೆ ಇರಲಿ: ಕಿಟಕಿಯ ಬಿಸಿಲು, ದಾರಿಗೆ ಅಡ್ಡವಿರುವ ಬ್ಯಾಗು, ದೀಪ. ‘ಎಲ್ಲಿಗೆ ಹೊರಟಿದ್ದೀರಿ?’ ಎಂಬುದು ನಮಗೆ ಸಹಜ ಪ್ರಶ್ನೆ. ಆದರೆ ಒಂಟಿಯಾಗಿ ಹೊರಟವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ತಾವು ಇಳಿಯುವ ಊರನ್ನು ಅಪರಿಚಿತರಿಗೆ ಹೇಳಲು ಅಳುಕಿರುತ್ತದೆ. ಅದರ ಬದಲು ನಿಮ್ಮ ವಿಷಯವನ್ನೇ ಮುಂದಿಡಿ: ‘ನಾನು ಬೆಳಗಿನ ಜಾವ ಇಳಿಯೋದು. ಸಾಮಾನು ತೆಗೆಯುವಾಗ ಸ್ವಲ್ಪ ಸದ್ದಾಗಬಹುದು.’ ಇದಕ್ಕೆ ಉತ್ತರ ಕೊಡಲೇಬೇಕೆಂದಿಲ್ಲ, ಕೊಡಬೇಕೆನಿಸಿದರೆ ಜಾಗವಿದೆ.

ಈಗ ಬರುವ ಉತ್ತರವನ್ನು ಗಮನಿಸಿ. ‘ಪರವಾಗಿಲ್ಲ, ನನಗೂ ಬೇಗ ಎಚ್ಚರವಾಗುತ್ತೆ. ನೀವು ಈ ಕಡೆ ಆಗಾಗ ಬರ್ತೀರಾ?’ ಎಂದು ಪ್ರಶ್ನೆ ತಿರುಗಿ ಬಂದರೆ ಅವರಿಗೂ ಮಾತು ಬೇಕಾಗಿದೆ. ಬರೀ ‘ಪರವಾಗಿಲ್ಲ’ ಎಂದು ಕಣ್ಣು ಪುಸ್ತಕಕ್ಕೆ ಹೋದರೆ ಸುಮ್ಮನಾಗಿ. ಕಷ್ಟವಿರುವುದು ಇವೆರಡರ ನಡುವಿನವರಲ್ಲಿ. ಅವರು ನಗುತ್ತಲೇ ಉತ್ತರಿಸುತ್ತಾರೆ, ತಿರುಗಿ ಏನನ್ನೂ ಕೇಳುವುದಿಲ್ಲ. ಸಂಕೋಚದವರೂ ಹೀಗೆಯೇ, ಮೌನ ಬೇಕಾದವರೂ ಹೀಗೆಯೇ. ನಗುವನ್ನು ನಂಬಬೇಡಿ, ಅದು ಮರ್ಯಾದೆಗೂ ಬರುತ್ತದೆ. ಕೈ ನೋಡಿ. ಓದುತ್ತಿದ್ದ ಪುಟದಲ್ಲಿ ಬೆರಳು ಹಾಗೇ ಇದ್ದರೆ, ಒಂದೇ ಕಿವಿಯ ಇಯರ್‌ಫೋನ್ ತೆಗೆದು ಕೈಯಲ್ಲೇ ಹಿಡಿದಿದ್ದರೆ, ಅವರು ಬೇಗ ವಾಪಸ್ ಹೋಗುವ ಅಂದಾಜಿನಲ್ಲಿದ್ದಾರೆ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರೆ ಮಾತು ಮುಂದುವರಿಸಬಹುದು. ಅನುಮಾನವಿದ್ದರೆ ಇನ್ನೊಂದು ಮಾತು ಆಡಿ ನೋಡಿ. ಎರಡು ಸಲವೂ ಪ್ರಶ್ನೆ ತಿರುಗಿ ಬರದಿದ್ದರೆ ಅಲ್ಲಿಗೆ ಸಾಕು.

ಹೆಚ್ಚಿನವರು ಎಡವುವುದು ಇಲ್ಲೇ. ಮೌನಕ್ಕೆ ಗಾಬರಿಯಾಗಿ ಊರು, ಕೆಲಸ, ಮಕ್ಕಳು ಎಂದು ಒಂದರ ಹಿಂದೊಂದು ಕೇಳುತ್ತಾರೆ, ಮಾತುಕತೆ ವಿಚಾರಣೆಯಾಗುತ್ತದೆ. ಕಿಟಕಿ ಮೂಲೆಯಲ್ಲಿ ಕೂತವರಿಗೆ ಎದ್ದು ಹೋಗುವುದೂ ಸುಲಭವಲ್ಲ. ಹಾಗಾಗಿ ಮಾತು ಮುಗಿಸುವ ಕೆಲಸ ನಿಮ್ಮದು: ‘ಸರಿ, ನೀವು ಓದಿ, ನಾನೂ ಸ್ವಲ್ಪ ಕಣ್ಣು ಮುಚ್ತೀನಿ.’ ಹೇಳಿದ ಮೇಲೆ ನಿಜವಾಗಿಯೂ ಮುಖ ತಿರುಗಿಸಿ. ಕಣ್ಣು ಬಿಟ್ಟು ಅವರನ್ನೇ ನೋಡುತ್ತಿದ್ದರೆ ಅವರಿಗೆ ಓದಲು ಆಗುವುದಿಲ್ಲ.

ಈ ಮೌನ ಇಡೀ ಪ್ರಯಾಣಕ್ಕೆ ಅಂತೇನಿಲ್ಲ. ಒಂದು ನಿದ್ದೆಯಾದ ಮೇಲೆ, ರೈಲು ಎಲ್ಲೋ ಬಹಳ ಹೊತ್ತು ನಿಂತಾಗ, ಬೆಳಿಗ್ಗೆ ತುಟಿ ಬಿಚ್ಚದವರೇ ಮಾತಿಗಿಳಿಯುವುದುಂಟು. ಈ ಸಲ ಶುರು ಅವರದಾಗಲಿ. ‘ಇದು ಯಾವ ಸ್ಟೇಷನ್?’ ಎಂದು ಕೇಳಿದರೆ ಹೆಸರು ಹೇಳಿ, ಒಂದು ಗಳಿಗೆ ಅವರ ಕಡೆ ನೋಡಿ ಕಾಯಿರಿ.