ಆ್ಯಪ್ ತೆಗೆದರೂ ದುಡ್ಡು ಹೋಗುತ್ತಿತ್ತು: ಚಿಕ್ಕಮ್ಮನ ಆಟೋಪೇ ನಿಲ್ಲಿಸಿದ ಬಗೆ

ಒಂದು ರೂಪಾಯಿಗೆ ಏಳು ದಿನ ಟ್ರಯಲ್ ಕೊಡುವ ಆ್ಯಪ್‌ಗೆ ಬೇಕಾಗಿರುವುದು ಆ ಒಂದು ರೂಪಾಯಿ ಅಲ್ಲ. ಅದನ್ನು ಕಟ್ಟುವಾಗ ನಾವು ಒತ್ತುವ ಯುಪಿಐ ಪಿನ್ ಅದಕ್ಕೆ ಬೇಕು. ಆ ಪಿನ್ ಒತ್ತಿದಾಗ ರೂಪಾಯಿಯ ಜೊತೆಗೆ ಇನ್ನೊಂದು ಕೆಲಸವೂ ಆಗುತ್ತದೆ. ಮುಂದೆ ತಿಂಗಳು ತಿಂಗಳು ದುಡ್ಡು ಎಳೆದುಕೊಳ್ಳಲು ನಮ್ಮ ಬ್ಯಾಂಕಿನಲ್ಲಿ ಒಂದು ಒಪ್ಪಿಗೆ ದಾಖಲಾಗುತ್ತದೆ. ಇದನ್ನೇ ಆಟೋಪೇ ಮ್ಯಾಂಡೇಟ್ ಅನ್ನುತ್ತಾರೆ.

ನಮ್ಮ ಚಿಕ್ಕಮ್ಮನಿಗೆ ಆಗಿದ್ದು ಇದೇ. ಸಣ್ಣ ಸಣ್ಣ ಕಂತಿನ ಧಾರಾವಾಹಿ ತೋರಿಸುವ ಒಂದು ಆ್ಯಪ್ ಹಾಕಿಕೊಂಡಿದ್ದರು. ಇಷ್ಟವಾಗಲಿಲ್ಲ, ಟ್ರಯಲ್ ಮುಗಿಯುವ ಮೊದಲೇ ತೆಗೆದುಹಾಕಿದರು. ಆದರೂ ಖಾತೆಯಿಂದ 299 ರೂಪಾಯಿ ಹೋಯಿತು. ಮುಂದಿನ ತಿಂಗಳು ಮತ್ತೆ 299. "ಆ್ಯಪೇ ಇಲ್ವಲ್ಲೋ ಫೋನಲ್ಲಿ, ಮತ್ತೆ ಹೆಂಗೆ ದುಡ್ಡು ಹೋಗತ್ತೆ?" ಅಂತ ಕೇಳಿದರು. ಯಾರೋ ಖಾತೆಗೆ ಕನ್ನ ಹಾಕಿದ್ದಾರೆ ಅನ್ನುವ ಭಯವೂ ಅವರಿಗಿತ್ತು.

ಅವರ ಪ್ರಶ್ನೆ ಸರಿಯಾಗೇ ಇದೆ. ಫೋನಿನಲ್ಲಿರುವ ಆ್ಯಪ್ ಬರೀ ಪರದೆ. ಚಂದಾ ನಡೆಯುವುದು ಮೂರು ಬೇರೆ ಜಾಗದಲ್ಲಿ. ಕಂಪನಿಯ ಸರ್ವರ್‌ನಲ್ಲಿ ನಮ್ಮ ನಂಬರಿನ ಹೆಸರಲ್ಲಿ ಒಂದು ಲೆಕ್ಕ ಇರುತ್ತದೆ. ವಸೂಲಿ ಮಾಡುವ ವ್ಯವಸ್ಥೆ ಇನ್ನೊಂದು ಕಡೆ ಇರುತ್ತದೆ. ಒಪ್ಪಿಗೆ ನಮ್ಮ ಬ್ಯಾಂಕಿನಲ್ಲಿರುತ್ತದೆ. ಅನ್‌ಇನ್‌ಸ್ಟಾಲ್ ಒತ್ತಿದರೆ ಫೋನಿನ ಕಡತಗಳು ಅಳಿಯುತ್ತವೆ, ಅಷ್ಟೇ. "ಇವರಿಗೆ ಇನ್ನು ಬೇಡವಂತೆ" ಅನ್ನುವ ಸುದ್ದಿ ಈ ಮೂರರಲ್ಲಿ ಯಾವುದಕ್ಕೂ ಮುಟ್ಟುವುದಿಲ್ಲ. ಪೇಪರ್ ಹಾಕುವವನಿಗೆ ಹೇಳದೆ ಬಾಗಿಲು ಮುಚ್ಚಿಕೊಂಡರೆ ಬಿಲ್ ನಿಲ್ಲುತ್ತಾ? ಇದೂ ಹಾಗೇ.

ಹಾಗಾಗಿ ಮೊದಲು ತಿಳಿಯಬೇಕಾದದ್ದು ದುಡ್ಡು ಯಾವ ದಾರಿಯಲ್ಲಿ ಹೋಗುತ್ತಿದೆ ಅನ್ನುವುದು. ನಾನು ಮೊದಲು ಪ್ಲೇ ಸ್ಟೋರ್ ತೆರೆದೆ. ಮೇಲಿನ ಫೋಟೋ ಗುರುತು ಒತ್ತಿ, Payments & subscriptions, ಅದರೊಳಗೆ Subscriptions. ಅಲ್ಲಿ ಏನೂ ಇರಲಿಲ್ಲ. ಒಂದೇ ಫೋನಿನಲ್ಲಿ ಎರಡು ಜಿಮೇಲ್ ಇದ್ದರೆ ಎರಡರಲ್ಲೂ ನೋಡಬೇಕು, ಏಕೆಂದರೆ ಚಂದಾ ಅಂಟಿಕೊಂಡಿರುವುದು ಖಾತೆಗೆ, ಫೋನಿಗಲ್ಲ. ಚಿಕ್ಕಮ್ಮನ ಫೋನಿನಲ್ಲಿ ಮಗನ ಜಿಮೇಲ್ ಕೂಡ ಇತ್ತು. ಅಲ್ಲೂ ಖಾಲಿ. ಮೇಲ್‌ನಲ್ಲೂ ಹುಡುಕಿದೆ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ರಸೀದಿ ಬಂದಿರುತ್ತದೆ, ಅದರ ಆರ್ಡರ್ ನಂಬರ್ GPA ಅಂತ ಶುರುವಾಗುತ್ತದೆ. ಅಂಥದ್ದೊಂದೂ ಇರಲಿಲ್ಲ. ಅಂದರೆ ಕಂಪನಿ ನೇರವಾಗಿ ಯುಪಿಐ ಮೂಲಕವೇ ಒಪ್ಪಿಗೆ ತೆಗೆದುಕೊಂಡಿದೆ ಅಂತಾಯಿತು.

ಆಮೇಲೆ ಅವರು ಬಳಸುವ ಯುಪಿಐ ಆ್ಯಪ್ ತೆರೆದು, ಪ್ರೊಫೈಲ್‌ಗೆ ಹೋಗಿ Autopay ಒತ್ತಿದೆ. ಸಿಕ್ಕಿತು. ಕಂಪನಿಯ ಹೆಸರು ಚಿಕ್ಕಮ್ಮನಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ಆ್ಯಪ್‌ನ ಹೆಸರು ಒಂದಾದರೆ ಅದನ್ನು ನಡೆಸುವ ಸಂಸ್ಥೆಯ ಹೆಸರು ಇನ್ನೊಂದು. ಹೆಸರು ನೋಡಿ "ಇದು ನನ್ನದಲ್ಲ" ಅಂತ ಮುಂದೆ ಹೋಗಬೇಡಿ. ಒಪ್ಪಿಗೆ ಕೊಟ್ಟ ತಾರೀಖು ಮತ್ತು ಮೊತ್ತ ತಾಳೆ ನೋಡಿ.

ಆ ಪುಟವನ್ನು ಚಿಕ್ಕಮ್ಮನ ಪಕ್ಕ ಕೂತು ಸಾಲು ಸಾಲಾಗಿ ಓದಿಸಿದೆ. ಸ್ಥಿತಿ, ಚಾಲ್ತಿಯಲ್ಲಿದೆ. ಕಂತು, ತಿಂಗಳಿಗೊಮ್ಮೆ. ಮೊತ್ತ, 999 ರೂಪಾಯಿವರೆಗೆ. ಮುಗಿಯುವ ತಾರೀಖು ಎಷ್ಟೋ ವರ್ಷ ಮುಂದೆ. "299 ಅಲ್ವಾ ಅವರು ಹೇಳಿದ್ದು? ಇಲ್ಲಿ 999 ಅಂತಿದೆಯಲ್ಲ" ಅಂದರು. ಅದು ಮೇಲ್ಮಿತಿ. ಈಗ 299 ತೆಗೆದರೂ, ನಾಳೆ ದರ ಏರಿಸಿದರೆ 999ರವರೆಗೆ ಹೊಸ ಪಿನ್ ಕೇಳದೆ ಎಳೆಯಬಹುದು. ಯುಪಿಐ ಆಟೋಪೇ ಬಂದದ್ದು 2020ರಲ್ಲಿ. ಇಂಥ ಚಂದಾಗಳಿಗೆ ಪಿನ್ ಕೇಳುವುದು ಒಪ್ಪಿಗೆ ಕೊಡುವಾಗ ಮಾತ್ರ. ಆಮೇಲೆ 15,000 ರೂಪಾಯಿವರೆಗಿನ ಕಂತುಗಳು ಪಿನ್ ಇಲ್ಲದೇ ಹೋಗುತ್ತವೆ. ಹಾಗಾಗಿ ಒಪ್ಪಿಗೆ ಕೊಡುವ ಆ ಪುಟದಲ್ಲಿ ದೊಡ್ಡದಾಗಿ ಕಾಣುವ 1 ರೂಪಾಯಿಗಿಂತ ಕೆಳಗೆ ಸಣ್ಣಕ್ಷರದಲ್ಲಿರುವ ಮೇಲ್ಮಿತಿಯನ್ನೇ ಮೊದಲು ಓದಬೇಕು.

ಕ್ಯಾನ್ಸಲ್ ಒತ್ತಿದೆವು. ಯುಪಿಐ ಪಿನ್ ಕೇಳಿತು. ಚಿಕ್ಕಮ್ಮ ಹೆದರಿ ಕೈ ಹಿಂದೆ ತೆಗೆದುಕೊಂಡರು, ಪಿನ್ ಒತ್ತಿದರೆ ಮತ್ತೆ ದುಡ್ಡು ಹೋಗುತ್ತದೆ ಅಂತ. ಪರದೆಯ ಮೇಲೆ ಮ್ಯಾಂಡೇಟ್ ರದ್ದು ಅಂತಲೇ ಇರುವುದನ್ನು ತೋರಿಸಿದ ಮೇಲೆ ಒತ್ತಿದರು. ಸ್ವಲ್ಪ ಹೊತ್ತಿಗೆ ಬ್ಯಾಂಕಿನಿಂದ ಮೆಸೇಜ್ ಬಂತು, ಪಟ್ಟಿಯಲ್ಲಿ ಸ್ಥಿತಿಯೂ ಬದಲಾಯಿತು. ಈ ಎರಡನ್ನೂ ಕಣ್ಣಾರೆ ನೋಡುವವರೆಗೆ ಕೆಲಸ ಮುಗಿಯಿತು ಅಂದುಕೊಳ್ಳಬಾರದು. ಅಲ್ಲೇ ಪಕ್ಕದಲ್ಲಿ Pause ಅನ್ನುವ ಆಯ್ಕೆಯೂ ಇರುತ್ತದೆ. ಅದು ಸ್ವಲ್ಪ ಕಾಲ ತಡೆಹಿಡಿಯುತ್ತದೆ ಅಷ್ಟೇ.

ಚಿಕ್ಕಮ್ಮ ನಡುವೆ ಇನ್ನೊಂದು ಉಪಾಯ ಹೇಳಿದ್ದರು: "ಆ ಪೇಮೆಂಟ್ ಆ್ಯಪನ್ನೇ ತೆಗೆದುಬಿಡ್ಲಾ?" ಎಷ್ಟೋ ಜನ ಹೀಗೆ ಮಾಡುತ್ತಾರೆ. ಅದರಿಂದಲೂ ಏನೂ ಆಗುವುದಿಲ್ಲ. ಒಪ್ಪಿಗೆ ಇರುವುದು ಬ್ಯಾಂಕಿನಲ್ಲಿ. ಯುಪಿಐ ಆ್ಯಪ್ ತೆಗೆದರೂ, ಫೋನ್ ಬದಲಿಸಿದರೂ ಅದು ಅಲ್ಲೇ ಇರುತ್ತದೆ. ಖಾತೆ ಖಾಲಿ ಇಟ್ಟರೆ ಸಾಕು ಅನ್ನುವವರೂ ಇದ್ದಾರೆ. ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಆಗಸ್ಟ್‌ನಿಂದ ಜಾರಿಗೆ ತಂದ ನಿಯಮದ ಪ್ರಕಾರ ಒಂದು ಕಂತು ವಿಫಲವಾದರೆ ಇನ್ನೂ ಮೂರು ಸಲ ಪ್ರಯತ್ನಿಸಬಹುದು. ಅಷ್ಟರಲ್ಲಿ ಸಂಬಳವೋ ಪಿಂಚಣಿಯೋ ಬಿದ್ದರೆ ಹೋಯಿತು.

ಚಿಕ್ಕಮ್ಮನಿಗೆ ಮುನ್ಸೂಚನೆ ಬಂದಿರಲಿಲ್ಲವಾ? ಬಂದಿತ್ತು. ಕಂತು ತೆಗೆಯುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಹಳೆಯ ಮೆಸೇಜ್‌ಗಳಲ್ಲಿ mandate ಅಂತ ಹುಡುಕಿದಾಗ ಎರಡೂ ತಿಂಗಳ ಸೂಚನೆ ಸಿಕ್ಕವು. ಸಾಲದ ಜಾಹೀರಾತು, ರೀಚಾರ್ಜ್ ಆಫರ್‌ಗಳ ನಡುವೆ ಹೂತುಹೋಗಿದ್ದವು. ಅದೂ ಇಂಗ್ಲಿಷಿನಲ್ಲಿ, ಗೊತ್ತಿಲ್ಲದ ಕಂಪನಿಯ ಹೆಸರಲ್ಲಿ. ಅವರಿಗೆ ಅದು ತಿಳಿಯಲಿಲ್ಲ ಅನ್ನುವುದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ. ಜನರ ಭಾಷೆಯಲ್ಲಿ ಇಲ್ಲದ ಸೂಚನೆ ಅರ್ಧ ಸೂಚನೆ ಮಾತ್ರ ಅನ್ನುವುದು ನನ್ನ ಅಭಿಪ್ರಾಯ.

ಚಂದಾ ಪ್ಲೇ ಸ್ಟೋರ್ ಮೂಲಕ ಇದ್ದಿದ್ದರೆ ದಾರಿ ಬೇರೆ. ಆಗ Subscriptions ಪಟ್ಟಿಯಲ್ಲಿ ಆ ಆ್ಯಪ್ ಒತ್ತಿ Cancel subscription ಮಾಡಬೇಕು. ಟ್ರಯಲ್ ಶುರುವಾದ ದಿನವೇ ಹೀಗೆ ಮಾಡಿದರೂ ಸಾಮಾನ್ಯವಾಗಿ ಉಳಿದ ದಿನ ನೋಡಬಹುದು, ಆದ್ದರಿಂದ ಕೊನೆಯ ದಿನದವರೆಗೆ ಕಾಯುವ ಅಗತ್ಯ ಇಲ್ಲ. ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಮೇಲಿರುವ ನಿಮ್ಮ ಹೆಸರು ಒತ್ತಿದರೆ Subscriptions ಸಿಗುತ್ತದೆ. ಅಲ್ಲಿ ಟ್ರಯಲ್ ಮುಗಿಯಲು 24 ಗಂಟೆಯಾದರೂ ಇರುವಾಗಲೇ ರದ್ದು ಮಾಡಬೇಕು. ಕಾರ್ಡ್ ಕೊಟ್ಟಿದ್ದರೆ ಕಂಪನಿಯ ಜಾಲತಾಣದಲ್ಲಿ ಚಂದಾ ರದ್ದು ಮಾಡಿ, ಬ್ಯಾಂಕಿನ ಇ-ಮ್ಯಾಂಡೇಟ್ ಪಟ್ಟಿಯನ್ನೂ ನೋಡುವುದು ಒಳ್ಳೆಯದು.

ಹೋದ ದುಡ್ಡಿನ ವಿಷಯ. ಮ್ಯಾಂಡೇಟ್ ರದ್ದು ಮಾಡಿದರೆ ಮುಂದಿನದು ನಿಲ್ಲುತ್ತದೆ, ಹಿಂದಿನದು ತಾನಾಗಿ ಬರುವುದಿಲ್ಲ. ಎರಡೂ ಕಂತಿನ ಯುಪಿಐ ಉಲ್ಲೇಖ ಸಂಖ್ಯೆ, ತಾರೀಖು, ಚಿಕ್ಕಮ್ಮನ ನಂಬರ್ ಇಷ್ಟನ್ನು ಬರೆದು ಕಂಪನಿಗೆ ಮೇಲ್ ಕಳಿಸಿದೆ. ಟ್ರಯಲ್ ಮುಗಿದ ಮೇಲೆ ಧಾರಾವಾಹಿಯ ಒಂದು ಎಪಿಸೋಡನ್ನೂ ನೋಡಿಲ್ಲ, ನಿಮ್ಮ ದಾಖಲೆಯಲ್ಲೇ ಪರಿಶೀಲಿಸಿ ಅಂತ ಕೇಳಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಚಂದಾ ರದ್ದು ಮಾಡುವುದನ್ನು ಬೇಕೆಂದೇ ಕಷ್ಟವಾಗಿಸುವುದು ತಪ್ಪು ಅಂತ ಇದೆ. ಅದನ್ನೂ ಸೇರಿಸಿದೆ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದು ಅಂತಿದ್ದೆ. ಅಷ್ಟು ದೂರ ಹೋಗಬೇಕಾಗಲಿಲ್ಲ. ಎರಡನೇ ತಿಂಗಳ 299 ವಾಪಸ್ ಬಂತು. ಮೊದಲನೆಯದನ್ನು ಕೊಡಲು ಅವರು ಒಪ್ಪಲಿಲ್ಲ.